ಗೇಟಿನ ಮೇಲ್ಗಡೆ ಆರು ಕಿಲೋಮೀಟರ್, ಕೆಳಗಡೆ ಆರು ಮೀಟರ್

ಪ್ರಶ್ನೆ: ಸರ್, ಸ್ಲೂಯಿಸ್ ಗೇಟಿನ ಕೆಳಗಡೆ ನೀರಿನ ಆಳ ಏರುತ್ತಾ ಹೋಗುತ್ತದಲ್ಲ ಎಂದು ಅಲ್ಲಿನ ನೀರಿನ ಮೇಲ್ಮೈ ಗೆರೆಗೆ M1 ಎಂದು ಹೆಸರು ಬರೆದೆ, ತಪ್ಪು ಎಂದರು. M1, M3 ಎರಡೂ ಏರುತ್ತವೆ, M2, S2 ಎರಡೂ ಇಳಿಯುತ್ತವೆ. ಬಾಯಿಪಾಠ ಮಾಡಿದರೂ ಎರಡು ದಿನಕ್ಕೆ ಮರೆತುಹೋಗುತ್ತದೆ. ಇಳಿಜಾರು ಜಾಸ್ತಿ ಕಂಡರೆ S, ಕಡಿಮೆ ಕಂಡರೆ M ಎಂದು ಬರೆದುಬಿಡಬಹುದಾ?

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಗೊಂದಲದ ಬೇರು ಅಲ್ಲೇ ಇದೆ. ಕಣ್ಣಿಗೆ ಕಾಣುವ ಇಳಿಜಾರಿಗೂ M, S ಅಕ್ಷರಗಳಿಗೂ ನೇರ ಸಂಬಂಧವಿಲ್ಲ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಕಾಲುವೆಯ ಪಕ್ಕ ನಿಂತರೆ ನೆಲ ಹೆಚ್ಚುಕಡಿಮೆ ಸಮತಟ್ಟಾಗಿಯೇ ಕಾಣುತ್ತದೆ. ಆದರೂ ಅದು ಸ್ಟೀಪ್ ಆಗಿರಬಹುದು. ಅಕ್ಷರವನ್ನು ನಿರ್ಧರಿಸುವುದು ಎರಡು ಆಳಗಳು ಮಾತ್ರ.

ಒಂದು, ನಾರ್ಮಲ್ ಆಳ, yn. ಉದ್ದನೆಯ ಕಾಲುವೆಯಲ್ಲಿ ಯಾವ ಅಡ್ಡಿಯೂ ಇಲ್ಲದಿದ್ದರೆ ನೀರು ತಾನಾಗಿ ಹಿಡಿಯುವ ಆಳ ಇದು. ತಳದ ಇಳಿಜಾರು ನೀರನ್ನು ಎಷ್ಟು ಎಳೆಯುತ್ತದೋ, ತಳ ಮತ್ತು ಪಕ್ಕದ ಗೋಡೆಗಳ ಉಜ್ಜಾಟ ಅಷ್ಟೇ ತಡೆಯುವ ಸ್ಥಿತಿ. ಮ್ಯಾನಿಂಗ್ ಸೂತ್ರದಿಂದ ಸಿಗುತ್ತದೆ. ಎರಡು, ಕ್ರಿಟಿಕಲ್ ಆಳ, yc. ಈ ಆಳದಲ್ಲಿ ನೀರಿನ ವೇಗವೂ, ನೀರಿನ ಮೇಲೆ ಸಣ್ಣ ಅಲೆ ಓಡುವ ವೇಗವೂ ಒಂದೇ. ಇದಕ್ಕೆ ಇಳಿಜಾರೂ ಬೇಡ, ಒರಟುತನವೂ ಬೇಡ. ಹರಿವಿನ ಪ್ರಮಾಣ ಮತ್ತು ಕಾಲುವೆಯ ಅಡ್ಡ ಆಕಾರ ಗೊತ್ತಿದ್ದರೆ ಸಾಕು.

yn ಮೇಲಿದ್ದು yc ಕೆಳಗಿದ್ದರೆ ಮೈಲ್ಡ್. yc ಮೇಲಿದ್ದು yn ಕೆಳಗಿದ್ದರೆ ಸ್ಟೀಪ್. ಅಷ್ಟೇ.

ಒಂದು ಲೆಕ್ಕ ಹಿಡಿದುಕೊಳ್ಳೋಣ, ಕೊನೆವರೆಗೂ ಅದನ್ನೇ ಬಳಸುತ್ತೇನೆ. 4 ಮೀಟರ್ ಅಗಲದ ಆಯತಾಕಾರದ ಕಾಂಕ್ರೀಟ್ ಕಾಲುವೆ. ಸೆಕೆಂಡಿಗೆ 8 ಘನ ಮೀಟರ್ ನೀರು. ಒರಟುತನ ಹೇಳುವ ಮ್ಯಾನಿಂಗ್ n 0.015. ಅಂದರೆ ಒಂದು ಮೀಟರ್ ಅಗಲಕ್ಕೆ 2 ಘನ ಮೀಟರ್, q = 2.

```
yc = (q²/g)^(1/3) = (4/9.81)^(1/3) = 0.74 m
Q  = (1/n) A R^(2/3) S0^(1/2)
S0 = 0.0005  ->  yn = 1.49 m
S0 = 0.01    ->  yn = 0.53 m
```

ಕಾಲುವೆಯ ಮೇಲಿನ ಭಾಗದ ಇಳಿಜಾರು 0.0005, ಅಂದರೆ 2000 ಮೀಟರಿಗೆ ಒಂದು ಮೀಟರ್. ಅಲ್ಲಿ 1.49 ದೊಡ್ಡದು, 0.74 ಚಿಕ್ಕದು. ಮೈಲ್ಡ್. ಆಮೇಲೆ ಅದೇ ಕಾಲುವೆ ನೂರಕ್ಕೆ ಒಂದರಂತೆ ಇಳಿಯುತ್ತದೆ. ಅಲ್ಲಿ yn 0.53ಕ್ಕೆ ಬಂದು yc ಕೆಳಗೆ ಹೋಯಿತು. ಸ್ಟೀಪ್. yc ಮಾತ್ರ ಎರಡೂ ಕಡೆ 0.74 ಆಗಿಯೇ ಉಳಿದಿದೆ ನೋಡಿ. ತುಂಬ ಜನ ಇಳಿಜಾರು ಬದಲಾದ ಕೂಡಲೇ yc ಗೆರೆಯನ್ನೂ ಮೇಲೆ ಕೆಳಗೆ ಮಾಡಿ ಚಿತ್ರ ಬರೆಯುತ್ತಾರೆ. ಅಗಲವೂ ಹರಿವೂ ಬದಲಾಗದಿದ್ದರೆ ತಳದಿಂದ yc ಎತ್ತರ ಅಲುಗುವುದಿಲ್ಲ.

ಈಗ ಅಂಕೆಗಳಿಗೆ ಬರೋಣ. ಎರಡು ಗೆರೆ ಎಳೆದರೆ ನೀರಿರುವ ಜಾಗ ಮೂರು ಭಾಗವಾಗುತ್ತದೆ. ಎರಡೂ ಗೆರೆಗಳ ಮೇಲೆ 1, ಮಧ್ಯೆ 2, ಎರಡರ ಕೆಳಗೆ 3. ನಿಮ್ಮ ಗೇಟಿನ ಕೆಳಗಡೆ ನೀರು ಎರಡೂ ಗೆರೆಗಳ ಕೆಳಗೆ ತೆಳ್ಳಗೆ ಚಿಮ್ಮಿ ಬರುತ್ತದೆ. ಆದ್ದರಿಂದ ಅದು M3. ಏರುತ್ತದೋ ಇಳಿಯುತ್ತದೋ ಎಂಬುದನ್ನು ನೋಡಿ ಹೆಸರಿಟ್ಟಿದ್ದೇ ನಿಮ್ಮ ತಪ್ಪು. ಮೊದಲು ಜಾಗ ನೋಡಬೇಕು, ಹೆಸರು ಇಡಬೇಕು. ಏರಿಳಿತ ಆಮೇಲೆ ತಾನಾಗಿ ಬರುತ್ತದೆ. ಹೇಗೆ ಬರುತ್ತದೆ ಎಂಬುದು ಈ ಒಂದೇ ಸಮೀಕರಣದಲ್ಲಿದೆ:

```
dy/dx = (S0 - Sf) / (1 - Fr²)
```

ಮೇಲಿನ S0 - Sf ಎಂದರೆ ಎಳೆತ ಮತ್ತು ಉಜ್ಜಾಟದ ವ್ಯತ್ಯಾಸ. ನೀರಿನ ಆಳ yn ಗಿಂತ ಜಾಸ್ತಿ ಇದ್ದರೆ ನೀರು ನಿಧಾನ, ಉಜ್ಜಾಟ ಕಡಿಮೆ, ಅಂಶ ಧನ. yn ಗಿಂತ ಕಡಿಮೆ ಇದ್ದರೆ ಋಣ. Fr ಎಂದರೆ ನೀರಿನ ವೇಗ ಅಲೆಯ ವೇಗದ ಎಷ್ಟು ಪಟ್ಟು ಎಂಬುದು, ಹಾಗಾಗಿ ಕೆಳಗಿನ 1 - Fr² ಕ್ರಿಟಿಕಲ್ ಗೆರೆಯ ಕಾವಲುಗಾರ. yc ಗಿಂತ ಮೇಲಿದ್ದರೆ ಧನ, ಕೆಳಗಿದ್ದರೆ ಋಣ. ಅಂದರೆ ಮೇಲಿನದು yn ಗೆರೆಯನ್ನು ಮಾತ್ರ ನೋಡುತ್ತದೆ, ಕೆಳಗಿನದು yc ಗೆರೆಯನ್ನು ಮಾತ್ರ ನೋಡುತ್ತದೆ.

ಎರಡೂ ಗೆರೆಗಳ ಮೇಲಿದ್ದರೆ ಧನ ಭಾಗಿಸು ಧನ, ಆಳ ಏರುತ್ತದೆ. ಎರಡರ ಕೆಳಗಿದ್ದರೆ ಋಣ ಭಾಗಿಸು ಋಣ, ಮತ್ತೆ ಏರುತ್ತದೆ. ಮಧ್ಯದಲ್ಲಿದ್ದರೆ ಒಂದು ಧನ, ಒಂದು ಋಣ, ಆಳ ಇಳಿಯಲೇಬೇಕು. M ಆಗಲಿ S ಆಗಲಿ, 1 ಮತ್ತು 3 ಏರುತ್ತವೆ, 2 ಇಳಿಯುತ್ತದೆ. ಬಾಯಿಪಾಠಕ್ಕೆ ಇದರಲ್ಲಿ ಏನೂ ಇಲ್ಲ. ಆದರೆ M2 ಮತ್ತು S2 ಇಳಿಯುವ ಕಾರಣ ಬೇರೆ ಬೇರೆ ಎಂಬುದನ್ನು ಗಮನಿಸಿ. M2ರಲ್ಲಿ ಉಜ್ಜಾಟ ಎಳೆತವನ್ನು ಮೀರಿಸಿದೆ, ಹರಿವು ಮಾತ್ರ ಇನ್ನೂ ಸಬ್‌ಕ್ರಿಟಿಕಲ್, ಅಂದರೆ yc ಗೆರೆಯ ಮೇಲೆ. S2ರಲ್ಲಿ ಎಳೆತವೇ ಗೆದ್ದಿದೆ, ನೀರು ಇನ್ನೂ ವೇಗ ಹಿಡಿಯುತ್ತಿದೆ, ಹರಿವು ಸೂಪರ್‌ಕ್ರಿಟಿಕಲ್, ಅಂದರೆ yc ಗೆರೆಯ ಕೆಳಗೆ.

ಅದೇ ಸಮೀಕರಣ ತುದಿಗಳನ್ನೂ ಹೇಳುತ್ತದೆ. ನೀರು yn ಹತ್ತಿರ ಬಂದಂತೆ ಮೇಲಿನ ಅಂಶ ಸೊನ್ನೆಯಾಗುತ್ತಾ ಬರುತ್ತದೆ, ಹಾಗಾಗಿ ಗೆರೆ yn ಕಡೆಗೆ ತುಂಬ ನಿಧಾನವಾಗಿ ಒರಗುತ್ತದೆ. yc ಹತ್ತಿರ ಬಂದಂತೆ ಕೆಳಗಿನದು ಸೊನ್ನೆಯಾಗುತ್ತದೆ, ಗೆರೆ ಕಡಿದಾಗಿ ನಿಲ್ಲುತ್ತದೆ. ಆಳ ತುಂಬ ಜಾಸ್ತಿಯಾದರೆ Sf, Fr ಎರಡೂ ಸೊನ್ನೆಗೆ ಹತ್ತಿರ, dy/dx ಬರೀ S0 ಆಗುತ್ತದೆ. ತಳ ಎಷ್ಟು ಇಳಿಯಿತೋ ಆಳ ಅಷ್ಟೇ ಏರಿತು ಎಂದರೆ ನೀರಿನ ಮೇಲ್ಮೈ ಸಮತಟ್ಟು ಎಂದೇ ಅರ್ಥ, ಅಲ್ವಾ? ಕೆರೆಯಂತೆ. ಇಲ್ಲೇ ಇನ್ನೊಂದು ಮಾತು: ಏರುವುದು, ಇಳಿಯುವುದು ಎಂದು ನಾವು ಹೇಳುವುದೆಲ್ಲ ತಳದಿಂದ ಅಳೆದ ಆಳದ ಬಗ್ಗೆ. M1ರಲ್ಲಿ ಆಳ ಏರುತ್ತಿದ್ದರೂ ನೀರಿನ ಮೇಲ್ಮೈ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತಿರುತ್ತದೆ.

ಇನ್ನು ನಮ್ಮ ಕಾಲುವೆಯ ಮೈಲ್ಡ್ ಭಾಗದಲ್ಲಿ ಒಂದು ಗೇಟು ಹಾಕೋಣ. 46 ಸೆಂ.ಮೀ ಎತ್ತಿದ್ದೇವೆ. ಗೇಟಿನ ಅಡಿಯಿಂದ ಹೊರಬಂದ ನೀರು ಕುಗ್ಗಿ ತೆರಪಿನ ಸುಮಾರು 0.61 ಪಾಲಿಗೆ ಬರುತ್ತದೆ, ಅಂದರೆ 0.28 ಮೀಟರ್. ಅಷ್ಟು ತೆಳುವಾದ ನೀರು ಸೆಕೆಂಡಿಗೆ 7 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡಬೇಕಾದರೆ ಮೇಲ್ಗಡೆ ಅದನ್ನು ನೂಕಲು ಎತ್ತರ ಬೇಕು. ಶಕ್ತಿಯ ಲೆಕ್ಕ ಹಾಕಿದರೆ ಗೇಟಿನ ಬೆನ್ನಿಗೆ ನೀರು 2.86 ಮೀಟರ್ ನಿಲ್ಲುತ್ತದೆ.

ಗೇಟಿನ ಮೇಲ್ಗಡೆ ಆಳ 2.86. ಅದು 1.49ರ ಮೇಲೂ ಇದೆ, 0.74ರ ಮೇಲೂ ಇದೆ. M1. ನಮ್ಮ ಭಾಷೆಯಲ್ಲಿ ಇದಕ್ಕೆ ಮೊದಲೇ ಹೆಸರಿದೆ: ಹಿನ್ನೀರು. ಕೆಆರ್‌ಎಸ್ ಹಿನ್ನೀರು, ಶರಾವತಿ ಹಿನ್ನೀರು ಎಂದು ಹೇಳುವಾಗ ಅಣೆಕಟ್ಟೆಗೆ ತಾಗಿ ನಿಂತ ನೀರಿನಿಂದ ಹಿಡಿದು, ದೂರದಲ್ಲಿ ನದಿ ಮತ್ತೆ ತನ್ನ ಸಹಜ ಆಳಕ್ಕೆ ಬರುವವರೆಗಿನ ಆ ಇಡೀ ಗೆರೆ M1 ಆಕಾರದ್ದೇ.

ಆ ಗೆರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹೊಸಬರು ಸುಮ್ನೆ ಒಂದು ಅಡ್ಡಗೆರೆ ಎಳೆಯುತ್ತಾರೆ. 2.86ರಿಂದ 1.49 ಕಳೆದರೆ 1.37 ಮೀಟರ್. ಇಳಿಜಾರು 0.0005. ಭಾಗಿಸಿದರೆ ಸುಮಾರು 2.7 ಕಿ.ಮೀ. ಅಲ್ಲಿಗೆ ಹಿನ್ನೀರು ಮುಗಿಯಿತು ಎನ್ನುತ್ತಾರೆ. ಇದು ತಪ್ಪು. ಹರಿಯುವ ನೀರಿಗೆ ಉಜ್ಜಾಟ ಇದೆ, ಹಾಗಾಗಿ ನಿಜವಾದ ಗೆರೆ ಆ ಅಡ್ಡಗೆರೆಯ ಮೇಲೆಯೇ ಇರುತ್ತದೆ. ಆಳವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೆ ಎಷ್ಟು ದೂರ ಎಂದು ಲೆಕ್ಕ ಹಾಕುವ ಡೈರೆಕ್ಟ್ ಸ್ಟೆಪ್ ವಿಧಾನ ಇದಕ್ಕೆ ಸಾಕು:

```
E  = y + V²/(2g)
Sf = n² V² / R^(4/3)
dx = (E2 - E1) / (S0 - Sf_avg)
```

ನಾನು ಲೆಕ್ಕ ಹಾಕಿದಾಗ ಬಂದದ್ದು ಇದು. ಗೇಟಿನಿಂದ 2.7 ಕಿ.ಮೀ ಹಿಂದೆ, ಅಡ್ಡಗೆರೆಯ ಪ್ರಕಾರ ಹಿನ್ನೀರು ಮುಗಿಯಬೇಕಾದ ಜಾಗದಲ್ಲಿ, ಆಳ ಇನ್ನೂ 1.90 ಮೀಟರ್ ಇದೆ. ಸಹಜ ಆಳಕ್ಕಿಂತ 41 ಸೆಂ.ಮೀ ಜಾಸ್ತಿ. ಐದೂವರೆ ಕಿ.ಮೀ ಹಿಂದಕ್ಕೆ ಹೋದರೂ 4 ಸೆಂ.ಮೀ ಜಾಸ್ತಿ. ಆರು ಕಿ.ಮೀ ದಾಟಿದ ಮೇಲೂ ಒಂದೂವರೆ ಸೆಂ.ಮೀ ಉಳಿದಿರುತ್ತದೆ. ಏರಿಯ ಎತ್ತರ ಇಡುವವರಿಗೆ, ಜಮೀನು ಮುಳುಗುತ್ತದೋ ಇಲ್ಲವೋ ಎಂದು ಕೇಳುವವರಿಗೆ ಈ 41 ಸೆಂ.ಮೀ ಸಣ್ಣದಲ್ಲ. ಆಲಮಟ್ಟಿಯ ನೀರಿನ ಮಟ್ಟಕ್ಕೂ ಮೇಲ್ಗಡೆಯ ಸಾಂಗ್ಲಿ ಭಾಗದ ಪ್ರವಾಹಕ್ಕೂ ಸಂಬಂಧ ಇದೆಯೇ ಎಂದು ಕರ್ನಾಟಕ, ಮಹಾರಾಷ್ಟ್ರಗಳ ನಡುವೆ ನಡೆದ ವಾದವೂ ಮೂಲದಲ್ಲಿ ಹಿನ್ನೀರಿನ ಗೆರೆ ಎಲ್ಲಿವರೆಗೆ ಹೋಗುತ್ತದೆ ಎಂಬ ಪ್ರಶ್ನೆಯೇ. ಅಂಥ ಪ್ರಶ್ನೆಗೆ ಅಡ್ಡಗೆರೆ ಎಳೆದು ಉತ್ತರ ಹೇಳಲು ಆಗುವುದಿಲ್ಲ. ನದಿಯ ಅಡ್ಡ ಸೀಳುಗಳನ್ನು ಅಳೆದು ಹೆಜ್ಜೆ ಹೆಜ್ಜೆಯಾಗಿಯೇ ಲೆಕ್ಕ ಹಾಕಬೇಕು.

ಈಗ ಗೇಟಿನ ಕೆಳಗಡೆ ಬನ್ನಿ. ಆಳ 0.28. ಎರಡೂ ಗೆರೆಗಳ ಕೆಳಗೆ. M3. ಉಜ್ಜಾಟ ಇಲ್ಲಿ ವಿಪರೀತ, ತಳದ ಇಳಿಜಾರಿನ ನೂರು ಪಟ್ಟಿಗಿಂತ ಜಾಸ್ತಿ. ನೀರು ಬೇಗ ಬೇಗ ಶಕ್ತಿ ಕಳೆದುಕೊಂಡು ದಪ್ಪವಾಗುತ್ತದೆ. ಆದರೆ ಅದು ನಯವಾಗಿ ಏರಿ 1.49 ತಲುಪುವುದಿಲ್ಲ. ಮಧ್ಯೆ yc ಗೆರೆ ಇದೆ, ಕೆಳಗಿನಿಂದ ಮೇಲಕ್ಕೆ ಅದನ್ನು ದಾಟಬೇಕಾದರೆ ನೀರು ಥಟ್ಟನೆ ಎದ್ದು ಆಳವಾಗುವ ಹೈಡ್ರಾಲಿಕ್ ಜಂಪ್ ಆಗಲೇಬೇಕು. 1.49 ಮೀಟರ್ ಆಳಕ್ಕೆ ಜೊತೆಯಾಗುವ ಜಂಪ್ ಮುಂಚಿನ ಆಳ ಲೆಕ್ಕ ಹಾಕಿದರೆ 0.305 ಮೀಟರ್. ಅಂದರೆ M3 ಗೆರೆ 0.28ರಿಂದ 0.305ಕ್ಕೆ ಮಾತ್ರ ಏರುತ್ತದೆ. ಅದೇ ಹೆಜ್ಜೆ ಲೆಕ್ಕದಲ್ಲಿ ದೂರ ಬರುವುದು ಬರೀ 6 ಮೀಟರ್. ಆಮೇಲೆ ನೊರೆ, ಸುಳಿ, ಜಂಪ್.

ಒಂದೇ ಗೇಟು. ಮೇಲ್ಗಡೆ ಆರು ಕಿಲೋಮೀಟರ್, ಕೆಳಗಡೆ ಆರು ಮೀಟರ್. ನಿಮ್ಮ ಚಿತ್ರದಲ್ಲಿ ಎರಡನ್ನೂ ಒಂದೇ ಉದ್ದಕ್ಕೆ ಬರೆದಿರುತ್ತೀರಿ, ಪುಸ್ತಕಗಳಲ್ಲೂ ಹಾಗೇ ಇರುತ್ತದೆ. ಜಾಗ ಸಾಲದೆ ಹಾಗೆ ಬರೆಯುತ್ತಾರೆ. ನಿಜವಾದ ಅಳತೆ ಮನಸ್ಸಿನಲ್ಲಿ ಇಟ್ಟುಕೊಂಡರೆ M1, M3 ಎಂದೂ ಅದಲುಬದಲಾಗುವುದಿಲ್ಲ.

ಗೇಟನ್ನು ಇನ್ನೂ ಮೇಲೆತ್ತಿದರೆ ಏನಾಗುತ್ತದೆ ಎಂದು ಯೋಚಿಸಿ. ಕುಗ್ಗಿದ ಆಳ 0.305 ದಾಟಿದರೆ ಆ ನೀರಿನ ರಭಸಕ್ಕೆ ಕೆಳಗಿನ 1.49 ಮೀಟರ್ ನೀರನ್ನು ದೂರ ತಳ್ಳುವ ಶಕ್ತಿ ಇರುವುದಿಲ್ಲ. ಜಂಪ್ ಹಿಂದಕ್ಕೆ ಬಂದು ಗೇಟಿಗೇ ಅಪ್ಪಳಿಸುತ್ತದೆ, ಗೇಟಿನ ಬಾಯಿ ಮುಳುಗುತ್ತದೆ. ಆಗ M3 ಎಂಬುದೇ ಇಲ್ಲ. ಸ್ಥಳದಲ್ಲಿ ಇದನ್ನು ಗುರುತಿಸುವುದು ಸುಲಭ: ಗೇಟಿನ ಕೆಳಗೆ ಗಾಜಿನಂಥ ತೆಳು ಹಾಳೆ ಕಂಡರೆ M3 ಇದೆ, ಗೇಟಿನ ಮೈಗೆ ತಾಗಿ ನೀರು ಹಿಂದಕ್ಕೆ ಹೊರಳುತ್ತಿದ್ದರೆ ಇಲ್ಲ. ಪ್ರಶ್ನೆಯಲ್ಲಿ ಗೇಟು ಕಂಡ ಕೂಡಲೇ M3 ಬರೆಯಬೇಡಿ, ಮೊದಲು ಈ ಜೋಡಿ ಆಳ ನೋಡಿ.

ಮುಂದೆ ನಮ್ಮ ಮೈಲ್ಡ್ ಕಾಲುವೆ ಮುಗಿದು ನೂರಕ್ಕೆ ಒಂದರ ಇಳಿಜಾರು ಶುರುವಾಗುತ್ತದೆ. ಈ ತಿರುವಿನಲ್ಲಿ ನೀರು yc ಮೂಲಕ ಹಾದುಹೋಗುತ್ತದೆ, 0.74 ಮೀಟರ್. ಹಾಗಾಗಿ ತಿರುವಿಗೆ ಮುಂಚೆ ನೀರು 1.49ರಿಂದ 0.74ಕ್ಕೆ ಇಳಿಯಬೇಕು. ಜಾಗ ಎರಡು ಗೆರೆಗಳ ಮಧ್ಯೆ, M2. ಇದರ ಆಕಾರ ಉಬ್ಬಿದ ಬೆನ್ನಿನಂತೆ. 1.30ರಿಂದ 1.00ಕ್ಕೆ ಇಳಿಯಲು ಸುಮಾರು 470 ಮೀಟರ್ ಬೇಕಾಗುತ್ತದೆ, 1.00ರಿಂದ 0.74ಕ್ಕೆ ಸುಮಾರು 60 ಮೀಟರ್ ಸಾಕು. ಅದರಲ್ಲೂ ಕೊನೆಯ 11 ಸೆಂ.ಮೀ ಬರೀ ಎಂಟೊಂಬತ್ತು ಮೀಟರಿನಲ್ಲಿ. ಕಾಲುವೆ ಹೀಗೆ ಕೊನೆಯಾಗುವ ಕಡೆ ತಳ, ಪಕ್ಕ ಕೊರೆಯುವುದು ಇದಕ್ಕೇ. ಅಲ್ಲಿ ವೇಗ ಎರಡರಷ್ಟಾಗಿರುತ್ತದೆ.

ತಿರುವು ದಾಟಿದ ಮೇಲೆ ಸ್ಟೀಪ್. ಈಗ ಗೆರೆಗಳ ಕ್ರಮ ತಿರುಗಿದೆ, yc ಮೇಲೆ, yn ಕೆಳಗೆ. ನೀರು 0.74ರಿಂದ ಹೊರಟು 0.53 ಕಡೆಗೆ ಇಳಿಯುತ್ತದೆ, ಮಧ್ಯದ ಜಾಗ, S2. ಸುಮಾರು 65 ಮೀಟರಿನಲ್ಲಿ ಅದು ಹೆಚ್ಚುಕಡಿಮೆ ನಾರ್ಮಲ್ ಆಳಕ್ಕೆ ಬಂದುಬಿಡುತ್ತದೆ. M2 ನಿಧಾನವಾಗಿ ಶುರುವಾಗಿ ಕೊನೆಗೆ ಧುಮುಕುತ್ತದೆ, S2 ಮೊದಲೇ ಧುಮುಕಿ ಆಮೇಲೆ ನಿಧಾನವಾಗುತ್ತದೆ. ಎರಡೂ yc ಹತ್ತಿರ ಕಡಿದು, yn ಹತ್ತಿರ ಮೆದು.

ಈ ಸ್ಟೀಪ್ ಭಾಗದ ಕೊನೆಗೆ ಒಂದು ಕೆರೆ ಇದೆ, ಕಾಲುವೆಯ ಬಾಯಲ್ಲಿ ಕೆರೆ ನೀರಿನ ಆಳ 1.6 ಮೀಟರ್ ಎಂದುಕೊಳ್ಳಿ. 0.53 ಮೀಟರ್ ಆಳದಲ್ಲಿ ಓಡಿ ಬರುವ ನೀರಿನ ಜೋಡಿ ಆಳ ಸುಮಾರು 1.0 ಮೀಟರ್. ಕೆರೆ ಅದಕ್ಕಿಂತ ಆಳ ಇರುವುದರಿಂದ ಜಂಪ್ ಕಾಲುವೆಯೊಳಗೇ ಆಗುತ್ತದೆ. ಜಂಪ್ ಆದ ಮೇಲೆ 1.0ರಿಂದ 1.6ರವರೆಗೆ ಎರಡೂ ಗೆರೆಗಳ ಮೇಲೆ ಏರುವ ಗೆರೆ S1. ಅದರ ಉದ್ದ ಸುಮಾರು 52 ಮೀಟರ್, ಅಂದರೆ ಜಂಪ್ ಕೆರೆಯಿಂದ ಅಷ್ಟು ಮೇಲ್ಗಡೆ ನಿಂತಿರುತ್ತದೆ. ಕೆರೆ ಒಂದು ಮೀಟರಿಗಿಂತ ಇಳಿದರೆ ಜಂಪ್ ಕಾಲುವೆಯಿಂದ ಹೊರಗೆ ತಳ್ಳಿಕೊಂಡು ಹೋಗುತ್ತದೆ, S1 ಮಾಯ. M1 ಹಿಂದಕ್ಕೆ ಹೋಗಿ ನಯವಾಗಿ yn ಸೇರುತ್ತದೆ. S1 ಹಾಗೆ ಸೇರುವುದಿಲ್ಲ, ಅದರ ಹಿಂದೆ ಯಾವಾಗಲೂ ಜಂಪ್ ಇರುತ್ತದೆ. M1 ಮತ್ತು S1 ನಡುವೆ ನಾನು ನೋಡುವ ದೊಡ್ಡ ವ್ಯತ್ಯಾಸ ಇದೇ.

ಉಳಿದದ್ದು S3. ಸ್ಟೀಪ್ ಭಾಗದಲ್ಲೇ ಗೇಟು ಹಾಕಿ, 0.53ಕ್ಕಿಂತ ತೆಳ್ಳಗೆ ನೀರು ಬಿಟ್ಟರೆ ಅದು ಏರಿ yn ಸೇರುತ್ತದೆ. ಜಂಪ್ ಬೇಡ, ಏಕೆಂದರೆ yc ದಾಟುವ ಪ್ರಶ್ನೆಯೇ ಇಲ್ಲ.

ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲೂ ಮಕ್ಕಳು ಎಡವುತ್ತಾರೆ. ಕಾಲುವೆಗೆ ಒಂದು ಕಲ್ಲು ಹಾಕಿ ನೋಡಿ. 1.49 ಮೀಟರ್ ಆಳದಲ್ಲಿ ಅಲೆಯ ವೇಗ ಸೆಕೆಂಡಿಗೆ 3.8 ಮೀಟರ್, ನೀರಿನ ವೇಗ 1.3. ಹಾಗಾಗಿ ಅಲೆ ಹಿಂದಕ್ಕೂ ಹೋಗುತ್ತದೆ. ಕೆಳಗಡೆ ಗೇಟು ಇದೆ ಎಂಬ ಸುದ್ದಿ ಮೇಲಕ್ಕೆ ತಲುಪುತ್ತದೆ. ಸ್ಟೀಪ್ ಭಾಗದ 0.53 ಮೀಟರಿನಲ್ಲಿ ಅಲೆಯ ವೇಗ 2.3, ನೀರಿನದು 3.7. ಸುದ್ದಿ ಹಿಂದಕ್ಕೆ ಹೋಗುವುದೇ ಇಲ್ಲ. ಆದ್ದರಿಂದ yc ಗೆರೆಯ ಮೇಲಿರುವ M1, M2, S1 ಮೂರನ್ನೂ ಕೆಳಗಿನ ತುದಿಯಿಂದ ಮೇಲಕ್ಕೆ ಲೆಕ್ಕ ಹಾಕಬೇಕು. yc ಕೆಳಗಿರುವ M3, S2, S3 ಮೂರನ್ನೂ ಮೇಲಿನ ತುದಿಯಿಂದ ಕೆಳಕ್ಕೆ.

ಗೇಟಿನ ಬಾಯಿ, ತಿರುವಿನ ಅಂಚು, ಜಂಪ್‌ನ ಒಳಗೆ ಈ ಸಮೀಕರಣ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ನೀರಿನ ದಾರಿ ಬಾಗುತ್ತದೆ, ಒಳಗಿನ ಒತ್ತಡ ಆಳಕ್ಕೆ ತಕ್ಕಂತೆ ಇರುವುದಿಲ್ಲ. yc ಹತ್ತಿರ dy/dx ಅನಂತ ಎಂದು ಬಂದರೆ ನೀರು ಗೋಡೆಯಂತೆ ನಿಲ್ಲುತ್ತದೆ ಎಂದಲ್ಲ, ಸಮೀಕರಣದ ಹದ್ದು ಮುಗಿಯಿತು ಎಂದು ಅರ್ಥ.

ಇನ್ನೊಂದೇ ಮಾತು, ನಿಮ್ಮ ಪ್ರಶ್ನೆಯ ಕೊನೆಗೆ ಸಂಬಂಧಿಸಿದ್ದು. ನಮ್ಮ ಈ ಕಾಲುವೆಗೆ ಮೈಲ್ಡ್ ಮತ್ತು ಸ್ಟೀಪ್ ನಡುವಿನ ಗಡಿ ಇಳಿಜಾರು 0.0037. ಆದರೆ ಅದು n ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಸ, ನಯವಾದ ಕಾಂಕ್ರೀಟಿಗೆ n 0.013 ಹಿಡಿದರೆ ಗಡಿ 0.0028ಕ್ಕೆ ಇಳಿಯುತ್ತದೆ. ಇಳಿಜಾರು 0.003 ಇರುವ ಕಾಲುವೆ ಕಟ್ಟಿದ ವರ್ಷ ಸ್ಟೀಪ್, ಪಾಚಿ ಹಿಡಿದು ಮೈ ಒರಟಾದ ಮೇಲೆ ಮೈಲ್ಡ್! ನಾನು ಕೆಲಸ ಮಾಡಿದ ಒಂದು ಕಡೆ ನಕ್ಷೆಯಲ್ಲಿ ಹೀಗೆ ಗಡಿಗೆ ತೀರ ಹತ್ತಿರದ ಇಳಿಜಾರು ಕೊಟ್ಟಿದ್ದರು. ನೀರು ಬಿಟ್ಟ ದಿನ ಮೇಲ್ಮೈ ನಿಲ್ಲಲೇ ಇಲ್ಲ, ಉದ್ದಕ್ಕೂ ಅಲೆ ಅಲೆಯಾಗಿ ಕುಣಿಯಿತು, ಪಕ್ಕದ ಲೈನಿಂಗ್ ಮೇಲೆ ಚಿಮ್ಮಿತು. ಆಳ yc ಹತ್ತಿರ ಇದ್ದಾಗ ಶಕ್ತಿಯಲ್ಲಿ ಚೂರು ವ್ಯತ್ಯಾಸವಾದರೂ ಆಳ ತುಂಬ ಬದಲಾಗುತ್ತದೆ, ಅದಕ್ಕೇ ಹೀಗೆ. ನಿಮಗೆ ಸಿಕ್ಕ ಲೆಕ್ಕದಲ್ಲಿ yn, yc ಎರಡೂ ಹತ್ತು ಪರ್ಸೆಂಟಿನ ಒಳಗೆ ಬಂದರೆ ಅಕ್ಷರ ಬರೆಯುವ ಮುಂಚೆ n ಅನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಇನ್ನೊಮ್ಮೆ ಹಾಕಿ ನೋಡಿ. ಹರಿವು ಅರ್ಧಕ್ಕೆ ಇಳಿದಾಗಲೂ ಒಮ್ಮೆ ನೋಡಿ, ಏಕೆಂದರೆ Q ಬದಲಾದರೆ yn, yc ಎರಡೂ ಬದಲಾಗುತ್ತವೆ, ಒಂದೇ ಪ್ರಮಾಣದಲ್ಲಿ ಅಲ್ಲ.